ಗಂಟಲಿಗೆ ಕೈ ಹಾಕಿದ ಆ ಪ್ಯಾರಾದಿಂದ ಶುರು ಮಾಡಿ

“ಸಂಪಾದಕರಿಗೆ ನಮಸ್ಕಾರ. ದನಗಳಿಗೆ ಹುಚ್ಚುನಾಯಿ ಕಚ್ಚಿದರೆ ಏನಾಗುತ್ತದೆ ಅಂತ ಒಂದು ಲೇಖನ ಬರೆದು ಕಳಿಸಿದ್ದೇನೆ. ನಮ್ಮ ಚಿಕ್ಕಪ್ಪನ ಹಸು ಹೀಗೇ ರೇಬೀಸ್‌ನಿಂದ ಸತ್ತಿತು. ಪ್ರಕಟಿಸಬಹುದೇ? ಮುಲಾಜಿಲ್ಲದೆ ಹೇಳಿ ಸಾರ್.”

ನಮಸ್ಕಾರ.

ಲೇಖನದ ಮಾತು ಆಮೇಲೆ. ನಿಮ್ಮ ಚಿಕ್ಕಪ್ಪ ಲಸಿಕೆ ಹಾಕಿಸಿಕೊಂಡರಾ? ಹಸುವಿನ ಗಂಟಲಿಗೆ ಬರಿಗೈ ಹಾಕಿದರು, ಬೆರಳಲ್ಲಿ ಕುಡುಗೋಲು ತಾಗಿದ ಗಾಯ ಇತ್ತು ಅಂತ ಒಂಬತ್ತನೇ ಪ್ಯಾರಾದಲ್ಲಿ ಬರೆದಿದ್ದೀರಿ. ಆಮೇಲೆ ಅವರ ಸುದ್ದಿಯೇ ಇಲ್ಲ. ಹಾಕಿಸಿಲ್ಲ ಅಂದರೆ ಈ ಪತ್ರವನ್ನು ಇಲ್ಲಿಗೇ ಬಿಟ್ಟು ಇವತ್ತೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ವಾರಗಟ್ಟಲೆ ಆಗಿದೆ, ಇನ್ನೇನು ಪ್ರಯೋಜನ ಅಂತ ಸುಮ್ಮನಿರಬೇಡಿ. ಮನುಷ್ಯರಲ್ಲಿ ಈ ರೋಗ ಕಾಣಿಸಿಕೊಳ್ಳಲು ತಿಂಗಳುಗಳೇ ಹಿಡಿಯಬಹುದು. ಕಾಣಿಸಿಕೊಂಡ ಮೇಲೆ ಮಾತ್ರ ಯಾವ ಔಷಧಿಯೂ ಇಲ್ಲ.

ಈಗ ಲೇಖನ. ಹೀಗೇ ಹಾಕೋಕಾಗಲ್ಲ. ಮೊದಲ ಎಂಟು ಪ್ಯಾರಾ ವೈರಸ್ಸಿನ ಆಕಾರ, ಪಾಶ್ಚರ್ 1885ರಲ್ಲಿ ಮಾಡಿದ್ದು, ರೋಗದ ಇತಿಹಾಸ. ಇದು ಯಾವ ಪುಸ್ತಕದಲ್ಲೂ ಸಿಗುತ್ತದೆ. ನಮ್ಮ ಓದುಗರು ಹಾಲು ಕರೆದು, ಡೇರಿಗೆ ಹಾಕಿ ಬಂದು ಪತ್ರಿಕೆ ತೆಗೆಯುವವರು. ಎರಡನೇ ಪ್ಯಾರಾಕ್ಕೇ ಮಡಚಿ ಇಡುತ್ತಾರೆ. ನೀವು ಕಂಡಿದ್ದನ್ನು ಬರೆದಿರುವುದು ಒಂಬತ್ತನೇ ಪ್ಯಾರಾದಲ್ಲಿ. ಅದು ಬರಿ ಆರು ಸಾಲು! ಅಲ್ಲಿಂದಲೇ ಶುರು ಮಾಡಿ, ಅದನ್ನೇ ಎರಡು ಪುಟ ಬೆಳೆಸಿ.

ಯುಗಾದಿಯ ಮರುದಿನ ಬೀದಿನಾಯಿ ಹಸುವಿನ ಹಿಂಗಾಲು ಕಚ್ಚಿತು. ಗಾಯಕ್ಕೆ ಅರಿಶಿನ ಹಚ್ಚಿದರು, ವಾರದಲ್ಲಿ ಒಣಗಿತು, ಎಲ್ಲರೂ ಮರೆತರು. ಬಸವ ಜಯಂತಿ ಕಳೆದ ಮೇಲೆ ಹಸು ಹಿಂಡಿ ಬಿಟ್ಟಿತು. ಈ ನಡುವಿನ ಒಂದು ತಿಂಗಳ ಬಗ್ಗೆ ನೀವು ಏನೂ ಹೇಳಿಲ್ಲ. ಹೇಳಬೇಕಾದದ್ದು ಅದೇ ಅಲ್ವಾ? ವೈರಸ್ಸು ಕಚ್ಚಿದ ಜಾಗದಿಂದ ನರದ ಒಳಗೇ ಮೆಲ್ಲಗೆ ಮಿದುಳಿನ ಕಡೆ ಸಾಗುತ್ತದೆ. ದನಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ಮೂರು ವಾರದಿಂದ ಮೂರು ತಿಂಗಳು ಬೇಕು, ಕೆಲವೊಮ್ಮೆ ಇನ್ನೂ ಜಾಸ್ತಿ. ಮುಖಕ್ಕೋ ಮೂತಿಗೋ ಕಚ್ಚಿದ್ದರೆ ದಾರಿ ಹತ್ತಿರ, ರೋಗವೂ ಬೇಗ ಕಾಣಿಸುತ್ತದೆ. ಲಸಿಕೆಗೆ ಕೆಲಸ ಮಾಡಲು ಸಿಗುವುದು ಈ ಅವಧಿ ಮಾತ್ರ. ಗಾಯ ಒಣಗಿತು ಎಂದರೆ ಅಪಾಯ ಕಳೆಯಿತು ಎಂದು ಅಲ್ಲ. ಇದನ್ನು ಓದುಗರಿಗೆ ಬಿಡಿಸಿ ಹೇಳಿ.

ಮುಂದಿನ ಐದು ದಿನಗಳನ್ನು ದಿನದಿನಕ್ಕೂ ಬರೆಯಿರಿ. ಮೊದಲ ದಿನ ಹಾಲು ಇಳಿಯಿತು, ಮೆಲುಕು ನಿಂತಿತು, ಹಸು ಮೂಲೆಯಲ್ಲಿ ಒಂಟಿಯಾಗಿ ನಿಂತಿತು. ಮರುದಿನ ಬಾಯಿಂದ ದಾರದ ಹಾಗೆ ಜೊಲ್ಲು. ಬಾಯಿಗಿಟ್ಟ ಹುಲ್ಲು ಅಲ್ಲೇ ನೇತಾಡುತ್ತದೆ, ನುಂಗೋಕಾಗಲ್ಲ. ‘ಮಾವಿನ ಗೊರಟೆ ಸಿಕ್ಕಿಕೊಂಡಿದೆ’ ಅಂತ ಚಿಕ್ಕಪ್ಪ ಕೈ ಹಾಕಿದ್ದು ಆಗಲೇ. ಪಕ್ಕದ ಮನೆಯವರು ಗೊಟ್ಟದಲ್ಲಿ ಎಣ್ಣೆ ಕುಡಿಸಲು ಬಂದರು ಅಂತಲೂ ಬರೆದಿದ್ದೀರಿ. ಅವರ ಕೈಗೂ ಜೊಲ್ಲು ತಾಗಿರುತ್ತದೆ. ಅವರನ್ನೂ ಆಸ್ಪತ್ರೆಗೆ ಕಳಿಸಿ.

ನಿಮ್ಮ ಲೇಖನದ ಜೀವಾಳ ಇದು. ಹಸು ಅಟ್ಟಿಸಿಕೊಂಡು ಬಂದು ಕಚ್ಚುತ್ತದೆ ಅಂತ ಜನ ಹೆದರುತ್ತಾರೆ. ಆದರೆ ರೈತರು ಹೆಚ್ಚಾಗಿ ಸಿಕ್ಕಿಬೀಳುವುದು ಉಪಚಾರ ಮಾಡಲು ಹೋಗಿ. ಗಂಟಲಲ್ಲಿ ನಿಜವಾಗಿ ಏನಾದರೂ ಸಿಕ್ಕಿದ್ದರೆ ಮೇಯುತ್ತಿದ್ದ ಹಸು ಇದ್ದಕ್ಕಿದ್ದಂತೆ ಒದ್ದಾಡುತ್ತದೆ, ಬೇಗನೆ ಹೊಟ್ಟೆ ಉಬ್ಬರಿಸುತ್ತದೆ. ರೇಬೀಸ್‌ನಲ್ಲಿ ಮೇವು ಬಿಡುವುದು ಮೊದಲು, ಜೊಲ್ಲು ಆಮೇಲೆ, ಅದರ ಹಿಂದೆಯೇ ದನಿ ಒಡೆಯುತ್ತದೆ. ಆದರೆ ಈ ವ್ಯತ್ಯಾಸ ನೋಡಿಕೊಂಡು ಕೈ ಹಾಕಬಹುದು ಅಂತ ಯಾರೂ ತಿಳಿಯದ ಹಾಗೆ ಬರೆಯಿರಿ. ಬಾಯಿ ನೋಡುವುದು ಗ್ಲೌಸು ಹಾಕಿಕೊಂಡ ಪಶುವೈದ್ಯರ ಕೆಲಸ. ಅವರು ಬರುವವರೆಗೆ ಹಸುವನ್ನು ಗಟ್ಟಿ ಹಗ್ಗದಲ್ಲಿ ಬೇರೆ ಕಡೆ ಕಟ್ಟಿ, ಮಕ್ಕಳನ್ನೂ ನಾಯಿಯನ್ನೂ ದೂರ ಇಡಬೇಕು.

ಮೂರನೇ ದಿನದ ಬಗ್ಗೆ ‘ಹಸು ವಿಚಿತ್ರವಾಗಿ ವರ್ತಿಸಿತು’ ಅಂತ ಬರೆದು ಬಿಟ್ಟಿದ್ದೀರಿ. ವಿಚಿತ್ರ ಅಂದರೆ ಹೇಗೆ? ಚಿಕ್ಕಮ್ಮನನ್ನು ಕೇಳಿ. ಗಂಟಲು ಕಟ್ಟಿದ ದನಿಯಲ್ಲಿ ಬಿಟ್ಟೂ ಬಿಡದೆ ಕೂಗಿತಾ? ಪಕ್ಕದ ದನದ ಮೇಲೆ ಹಾರಿತಾ? ಹಾಗೆ ಹಾರಿದ್ದನ್ನು ನೋಡಿ ಬೆದೆಗೆ ಬಂದಿದೆ ಅಂತ ಇಂಜೆಕ್ಷನ್ ಕೊಡಿಸಲು ಹೋದವರಿದ್ದಾರೆ. ಸುಮ್ನೆ ತಿಣುಕುತ್ತಿತ್ತಾ? ಹಿಂಗಾಲು ತೂರಾಡಿ, ಗೊರಸಿನ ಮೇಲಿನ ಗೆಣ್ಣು ಮಡಚಿಕೊಂಡಿತಾ? ಆಮೇಲೆ ನೆಲ ಹಿಡಿಯುತ್ತದೆ. ರೋಗ ಕಾಣಿಸಿದ ಮೇಲೆ ಹೆಚ್ಚೆಂದರೆ ಒಂದು ವಾರ, ಹತ್ತು ದಿನ. ಎಲ್ಲ ದನವೂ ರೇಗುವುದಿಲ್ಲ, ಕೆಲವು ಮಂಕಾಗಿ ಮಲಗಿಯೇ ಸಾಯುತ್ತವೆ.

ಎರಡು ತಪ್ಪುಗಳನ್ನು ತಿದ್ದಲೇಬೇಕು. ‘ಹಸು ನೀರಿಗೆ ಹೆದರುತ್ತದೆ’ ಎಂದಿದ್ದೀರಿ. ದನ ನೀರಿಗೆ ಹೆದರುವುದಿಲ್ಲ. ಬಕೆಟ್ಟಿಗೆ ಬಾಯಿ ಹಾಕುತ್ತದೆ, ನುಂಗಲಾಗದೆ ಬಿಡುತ್ತದೆ. ನೀರಿಗೆ ಮೂತಿ ಇಟ್ಟಿತು, ಹಾಗಾದರೆ ರೇಬೀಸ್ ಅಲ್ಲ ಅಂತ ಯಾರಾದರೂ ನಿಮ್ಮ ಲೇಖನ ಓದಿ ಧೈರ್ಯ ತಂದುಕೊಂಡರೆ ಕಷ್ಟ. ಇನ್ನೊಂದು, ‘ಹತ್ತು ದಿನ ಕಾದು ನೋಡಿ’ ಎಂಬ ಸಾಲು. ಹತ್ತು ದಿನದ ಲೆಕ್ಕ ಕಚ್ಚಿದ ನಾಯಿ, ಬೆಕ್ಕಿನ ಮೇಲೆ ಕಣ್ಣಿಡುವುದಕ್ಕೆ. ಆಗಲೂ ಲಸಿಕೆ ಶುರು ಮಾಡಿಕೊಂಡೇ ಕಾಯಬೇಕು. ದನಕ್ಕೆ ಈ ಲೆಕ್ಕ ಇಲ್ಲವೇ ಇಲ್ಲ.

‘ರೇಬೀಸ್‌ನಿಂದ ಸತ್ತಿತು’ ಅಂತ ಖಚಿತವಾಗಿ ಬರೆದಿದ್ದೀರಲ್ಲ, ಯಾರು ಹೇಳಿದರು? ಸತ್ತ ಮೇಲೆ ಮಿದುಳಿನ ತುಣುಕು ಪರೀಕ್ಷೆಯಾದರೆ ಮಾತ್ರ ಖಚಿತ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅದಕ್ಕೆ ಪ್ರಯೋಗಾಲಯ ಇದೆ. ಮಾದರಿ ಕಳಿಸದಿದ್ದರೆ ‘ಡಾಕ್ಟರು ರೇಬೀಸ್ ಎಂದು ಶಂಕಿಸಿದರು’ ಅಂತ ಬರೆಯಿರಿ. ಚರ್ಮ ಸುಲಿಯದೆ, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂತರು ಎಂಬ ಮಾತು ಇರಲಿ, ಅದು ಸರಿಯಾಗಿದೆ. ಹಾಲಿನ ವಿಷಯಕ್ಕೆ ಮಾತ್ರ ಊರಿಗೂರೇ ಗಾಬರಿಯಾಗುವಂತೆ ಬರೆದಿದ್ದೀರಿ. ಕಾಯಿಸಿದ ಹಾಲು ಕುಡಿದವರು ಹೆದರಬೇಕಿಲ್ಲ. ಹಸಿ ಹಾಲು ಕುಡಿದವರು ಡಾಕ್ಟರನ್ನು ಕೇಳಲಿ. ಅನುಮಾನ ಬಂದ ದಿನದಿಂದ ಆ ಹಸುವಿನ ಹಾಲು ಕರೆಯಬಾರದು, ಡೇರಿಗೂ ಹಾಕಬಾರದು.

ತಡೆಯುವ ಭಾಗದಲ್ಲಿ ‘ಜಾಗೃತಿ ಮೂಡಿಸಬೇಕು’ ಅಂತ ಮೂರು ಸಲ ಬಂದಿದೆ. ಮೂರನ್ನೂ ಹೊಡೆದು ಹಾಕಿ. ಕಚ್ಚಿದ ಗಳಿಗೆಯಲ್ಲಿ ಮಾಡಬೇಕಾದದ್ದನ್ನು ಬರೆಯಿರಿ. ಕೈಗೆ ಗ್ಲೌಸೋ ಪ್ಲಾಸ್ಟಿಕ್ ಕವರೋ ಹಾಕಿಕೊಂಡು, ದನದ ಗಾಯಕ್ಕೆ ನಲ್ಲಿ ಪೈಪಿನ ನೀರು ಬಿಟ್ಟು, ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು. ಬಟ್ಟೆ ಸೋಪಾದರೂ ಆದೀತು. ಆಮೇಲೆ ಅಯೋಡಿನ್ ದ್ರಾವಣ. ಅರಿಶಿನ, ಖಾರದ ಪುಡಿ, ಸುಣ್ಣ ಬೇಡ. ಅವತ್ತೇ ಪಶು ಆಸ್ಪತ್ರೆಗೆ ಹೇಳಿ ಮೊದಲ ಡೋಸ್ ಹಾಕಿಸಬೇಕು. ಆ ದಿನವನ್ನು ಸೊನ್ನೆ ಅಂತ ಎಣಿಸಿ 3, 7, 14, 28ನೇ ದಿನ ಉಳಿದ ನಾಲ್ಕು ಡೋಸ್. ಎರಡು ಹಾಕಿಸಿ, ಹಸು ಚೆನ್ನಾಗಿದೆಯಲ್ಲ ಅಂತ ನಿಲ್ಲಿಸುವವರೇ ಜಾಸ್ತಿ. ಐದೂ ಹಾಕಿಸಿದರೂ ನೂರಕ್ಕೆ ನೂರು ಗ್ಯಾರಂಟಿ ಇಲ್ಲ, ಮುಖದ ಕಡಿತದಲ್ಲಂತೂ ಇಲ್ಲ. ಇದನ್ನೂ ಮುಚ್ಚಿಡದೆ ಬರೆಯಿರಿ. ಕೊಟ್ಟಿಗೆ ಕಾಯುವ ಸ್ವಂತ ನಾಯಿಗೆ ವರ್ಷ ವರ್ಷ ಲಸಿಕೆ ಹಾಕಿಸುವುದು ಇದಕ್ಕಿಂತ ಸುಲಭ.

ಮನುಷ್ಯರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮದೊಳಗೆ ಕೊಡುವ ಲಸಿಕೆಯ ದಿನ 0, 3, 7, 28. ಗಾಯಕ್ಕೋ ಕಣ್ಣು, ಬಾಯಿಗೋ ಜೊಲ್ಲು ತಾಗಿದ್ದರೆ ಇದರ ಜೊತೆಗೆ ವೈರಸ್ಸನ್ನು ಕೂಡಲೇ ತಡೆಯುವ ಇಮ್ಯುನೊಗ್ಲೊಬುಲಿನ್ ಇಂಜೆಕ್ಷನ್ ಕೂಡ ಬೇಕು. ಇದು ನಿಮ್ಮ ಚಿಕ್ಕಪ್ಪನ ಬೆರಳಿಗೂ ಅನ್ವಯ. ಆಸ್ಪತ್ರೆಯಲ್ಲಿ ‘ದನ ಮುಟ್ಟಿದೆ’ ಅಂತ ಅಷ್ಟೇ ಹೇಳಿದರೆ ವಾಪಸು ಕಳಿಸಿಬಿಡಬಹುದು. ‘ರೇಬೀಸ್ ಅನುಮಾನದ ಹಸುವಿನ ಜೊಲ್ಲು ಗಾಯಕ್ಕೆ ತಾಗಿದೆ’ ಅಂತ ಪೂರ್ತಿ ಹೇಳಬೇಕು. ಆ ವಾಕ್ಯವನ್ನು ಹಾಗೇ ಲೇಖನದಲ್ಲಿ ಹಾಕಿ.

ತಿದ್ದಿದ ಪ್ರತಿ ಬಂದ ಮೇಲೆ ನಮ್ಮ ಪಶುವೈದ್ಯರೊಬ್ಬರಿಗೆ ತೋರಿಸಿ ಹಾಕುತ್ತೇವೆ. ಪಶು ಸಹಾಯವಾಣಿ 1962 ಅನ್ನು ಕೊನೆಯಲ್ಲಿ ದಪ್ಪಕ್ಷರದಲ್ಲಿ ನಾವೇ ಸೇರಿಸುತ್ತೇವೆ. ಚಿಕ್ಕಪ್ಪನ ವಿಷಯ ಏನಾಯಿತು ಅಂತ ಮಾತ್ರ ಪ್ರತಿಗೆ ಕಾಯದೆ ಫೋನ್ ಮಾಡಿ ತಿಳಿಸಿ.