ಅಸಿಟ್ರಾಮ್ ತಗೊಳ್ಳುವವರಿಗೆ ಲಸಿಕೆ: ಯಾವ ಸೂಜಿ, ಎಷ್ಟು ಹೊತ್ತು ಒತ್ತಬೇಕು, ನೀಲಿಗಟ್ಟಿದರೆ ಯಾವಾಗ ಹೆದರಬೇಕು

ಪ್ರಶ್ನೆ: ಅಪ್ಪನಿಗೆ 68 ವರ್ಷ. ಹೃದಯದ ಮೈಟ್ರಲ್ ವಾಲ್ವ್ ತೆಗೆದು ಲೋಹದ್ದು ಹಾಕಿದ್ದಾರೆ, ರಕ್ತ ತೆಳು ಮಾಡುವ ಅಸಿಟ್ರಾಮ್ ಮಾತ್ರೆ ದಿನಾ ತಗೋತಾರೆ. ಫ್ಲೂ ಲಸಿಕೆ ಹಾಕಿಸಿ ಅಂತ ಡಾಕ್ಟರ್ ಹೇಳಿದ್ದಾರೆ. ಪಕ್ಕದ ಮನೆಯವರು ಮೂರು ದಿನ ಮಾತ್ರೆ ನಿಲ್ಲಿಸಿ ಹಾಕಿಸಿ, ಇಲ್ಲಾಂದ್ರೆ ರಕ್ತ ನಿಲ್ಲಲ್ಲ ಅಂತಿದ್ದಾರೆ. ಏನು ಮಾಡಲಿ?

ಉತ್ತರ:

ಮಾತ್ರೆ ನಿಲ್ಲಿಸಬೇಡಿ. ಒಂದು ಹೊತ್ತಿನದೂ ಬೇಡ. ನಾನು ನರ್ಸ್, ಲಸಿಕೆ ಹಾಕುವ ಕೋಣೆಯಲ್ಲೇ ನನ್ನ ಕೆಲಸ. ಅಸಿಟ್ರಾಮ್, ವಾರ್ಫರಿನ್ ತಗೊಳ್ಳುವವರು ನಮ್ಮಲ್ಲಿಗೆ ಬರುತ್ತಲೇ ಇರುತ್ತಾರೆ, ಮಾತ್ರೆ ನುಂಗುತ್ತಲೇ ರಟ್ಟೆಗೆ ಲಸಿಕೆ ಹಾಕಿಸಿಕೊಂಡು ಹೋಗುತ್ತಾರೆ.

ನಿಲ್ಲಿಸುವುದು ಯಾಕೆ ಅಪಾಯ ಅಂದರೆ, ಅಸಿಟ್ರಾಮ್‌ನ ಪ್ರಭಾವ ವಾರ್ಫರಿನ್‌ಗಿಂತ ಬೇಗ ಇಳಿಯುತ್ತದೆ. ಬಿಟ್ಟು ಎರಡು ದಿನ ಆಗುವಷ್ಟರಲ್ಲಿ ರಕ್ತ ಹೆಚ್ಚುಕಡಿಮೆ ಮಾಮೂಲಿನಂತೆ ಹೆಪ್ಪುಗಟ್ಟಲು ಶುರುಮಾಡುತ್ತದೆ. ಮತ್ತೆ ಶುರುಮಾಡಿದರೆ ಸರಿಯಾದ ಮಟ್ಟಕ್ಕೆ ಬರಲು ಇನ್ನೂ ಕೆಲವು ದಿನ ಬೇಕು. ಅಷ್ಟು ದಿನವೂ ಲೋಹದ ವಾಲ್ವಿಗೆ ರಕ್ಷಣೆ ಇರುವುದಿಲ್ಲ, ಅದರಲ್ಲೂ ಮೈಟ್ರಲ್ ಜಾಗದ ವಾಲ್ವಿನಲ್ಲಿ ಗಡ್ಡೆ ಕಟ್ಟುವ ಸಂಭವ ಹೆಚ್ಚು. ಆ ಗಡ್ಡೆ ಮಿದುಳಿಗೆ ಹೋದರೆ ಪಾರ್ಶ್ವವಾಯು. ರಟ್ಟೆಯಲ್ಲಿ ಒಂದು ನೀಲಿ ಕಲೆ ತಪ್ಪಿಸಲು ಇಷ್ಟು ದೊಡ್ಡ ಅಪಾಯವನ್ನು ಮೈಮೇಲೆ ಎಳೆದುಕೊಳ್ಳಬಾರದು.

ಲಸಿಕೆಗೆ ಮುಂಚೆ ನೋಡಬೇಕಾದದ್ದು ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತಿದೆ ಅಂತ ತೋರಿಸುವ ರಕ್ತ ಪರೀಕ್ಷೆಯ ಅಂಕಿ. ಅದು ಏರಿದಷ್ಟೂ ರಕ್ತ ನಿಲ್ಲುವುದು ನಿಧಾನ. ಪರೀಕ್ಷೆಯ ದಿನ ತಪ್ಪಿಸದೆ ಮಾಡಿಸಿದ್ದು, ಕೊನೆಯ ವರದಿ ಅವರಿಗೆ ಗೊತ್ತುಮಾಡಿದ ಮೇಲಿನ ಮಿತಿಗಿಂತ ಕಡಿಮೆ ಇದ್ದರೆ ಲಸಿಕೆ ಹಾಕಬಹುದು. ಮೈಟ್ರಲ್ ಲೋಹದ ವಾಲ್ವಿಗೆ ಸಾಮಾನ್ಯವಾಗಿ 2.5ರಿಂದ 3.5ರ ನಡುವೆ ಇಟ್ಟಿರುತ್ತಾರೆ. ನಿಮ್ಮ ತಂದೆಯವರ ಐಎನ್‌ಆರ್ ಪುಸ್ತಕದಲ್ಲಿ ಎಷ್ಟು ಬರೆದಿದ್ದಾರೆ ನೋಡಿ. ವರದಿ ಹಳೆಯದಾಗಿದ್ದರೆ, ಅಥವಾ ಅದಾದ ಮೇಲೆ ಹೊಸ ಔಷಧಿ ಏನಾದರೂ ಸೇರಿದ್ದರೆ, ಮತ್ತೊಮ್ಮೆ ಮಾಡಿಸಿಕೊಂಡೇ ಬನ್ನಿ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಇಂಥದೇ ವಾಲ್ವ್ ಇರುವ ಒಬ್ಬ ಅಜ್ಜಿ ಲಸಿಕೆಗೆ ಬಂದಿದ್ದರು. ಪುಸ್ತಕದಲ್ಲಿ ಐಎನ್‌ಆರ್ 3.0 ಅಂತಿತ್ತು, ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಈಚೆಗೆ ಬೇರೆ ಮಾತ್ರೆ ಏನಾದರೂ ತಗೊಂಡಿರಾ ಅಂತ ಕೇಳಿದಾಗ, ಭೇದಿ ಆಗಿತ್ತು, ಮೆಟ್ರೊನಿಡಝೋಲ್ ಕೊಟ್ಟಿದ್ದರು ಅಂದರು. ಆ ಮಾತ್ರೆ ಅಸಿಟ್ರಾಮ್‌ನ ಪ್ರಭಾವವನ್ನು ಏರಿಸಿಬಿಡುತ್ತದೆ. ಹಲ್ಲುಜ್ಜುವಾಗ ರಕ್ತ ಬರುತ್ತಿದೆ ಅಂತಲೂ ಹೇಳಿದರು. ಅಲ್ಲೇ ರಕ್ತ ಪರೀಕ್ಷೆಗೆ ಕಳಿಸಿದೆವು: 5.2. ಅವತ್ತು ಸೂಜಿ ಮುಟ್ಟಿಸಲಿಲ್ಲ, ಅವರ ಹೃದಯದ ಡಾಕ್ಟರರ ಹತ್ತಿರ ಕಳಿಸಿದೆವು. ಅವರು ಪ್ರಮಾಣ ಹೊಂದಿಸಿದ ಮೇಲೆ ಐಎನ್‌ಆರ್ 2.9ಕ್ಕೆ ಇಳಿಯಿತು, ಆಗ ಬಂದು ಹಾಕಿಸಿಕೊಂಡರು. ಆದದ್ದು ಒಂದು ಸಣ್ಣ ಕಲೆ, ಅಷ್ಟೆ.

ಇನ್ನು ಸೂಜಿ. ಗೇಜ್ ಸಂಖ್ಯೆ ದೊಡ್ಡದಾದಷ್ಟೂ ಸೂಜಿ ತೆಳು. ನಿಮ್ಮ ತಂದೆಯವರಂಥವರಿಗೆ 23 ಗೇಜ್ ಅಥವಾ ಅದಕ್ಕಿಂತ ತೆಳುವಾದದ್ದು ಬೇಕು. ಸೂಜಿಯ ಬುಡದ ಪ್ಲಾಸ್ಟಿಕ್ ಬಣ್ಣ ನೋಡಿದರೆ ನಿಮಗೇ ತಿಳಿಯುತ್ತದೆ: 23 ನೀಲಿ, 24 ನೇರಳೆ, 25 ಕಿತ್ತಳೆ. ಹಸಿರು ಬುಡದ್ದು 21 ಗೇಜ್, ಅದು ದಪ್ಪ, ಬೇಡ ಅನ್ನಿ. ಹಾಗಂತ ತೆಳುವಾಗಿದೆ ಅಂತ ಕಂದು ಬುಡದ ಅರ್ಧ ಇಂಚಿನ 26 ಗೇಜ್ ಸೂಜಿಯನ್ನು ಹಿಡಿದರೂ ತಪ್ಪೇ. ಅದರ ಉದ್ದ ಸಾಲದು, ಲಸಿಕೆ ಸ್ನಾಯುವಿಗೆ ಹೋಗದೆ ಚರ್ಮದ ಕೆಳಗಿನ ಕೊಬ್ಬಿನಲ್ಲೇ ಉಳಿದು ಆ ಜಾಗ ಜಾಸ್ತಿ ಊದಿಕೊಳ್ಳುತ್ತದೆ. ಸಾಧಾರಣ ಮೈಕಟ್ಟಿನವರಿಗೆ ಒಂದು ಇಂಚು, ಅಂದರೆ 25 ಮಿಲಿಮೀಟರ್, ಸರಿಹೋಗುತ್ತದೆ. ಕೆಲವು ಫ್ಲೂ ಲಸಿಕೆಗಳು ಸಿರಿಂಜಿನಲ್ಲೇ ತುಂಬಿ, ಸೂಜಿ ಅಂಟಿಸಿಕೊಂಡೇ ಬರುತ್ತವೆ. ಆ ಸೂಜಿ ಸಾಮಾನ್ಯವಾಗಿ ತೆಳುವಾದದ್ದೇ, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಒಂದು ಮಾತು ಮಾತ್ರ ಮರೆಯಬೇಡಿ: ಕುರ್ಚಿಯಲ್ಲಿ ಕೂರುವ ಮುಂಚೆಯೇ "ಇವರು ರಕ್ತ ತೆಳು ಮಾಡುವ ಮಾತ್ರೆ ತಗೋತಾರೆ" ಅಂತ ಹೇಳಿ. ಚುಚ್ಚಿದ ಮೇಲೆ ಹೇಳುವವರೇ ಜಾಸ್ತಿ.

ನಿಜವಾಗಿ ಕಲೆ ಎಷ್ಟು ದೊಡ್ಡದಾಗುತ್ತದೆ ಅನ್ನುವುದು ಚುಚ್ಚಿದ ನಂತರದ ಕೆಲವು ನಿಮಿಷಗಳ ಮೇಲೆ ನಿಂತಿದೆ. ಸಣ್ಣ ರಕ್ತನಾಳ ಹರಿದಾಗ ಮೊದಲು ಪ್ಲೇಟ್‌ಲೆಟ್‌ಗಳು ಬಂದು ತೂತಿಗೆ ಅಂಟಿಕೊಳ್ಳುತ್ತವೆ. ಆಮೇಲೆ ಫೈಬ್ರಿನ್ ಎಳೆಗಳು ಅದನ್ನು ಬಿಗಿಯುತ್ತವೆ. ಅಸಿಟ್ರಾಮ್ ತಡೆಯುವುದು ಈ ಎರಡನೆಯ ಕೆಲಸವನ್ನು. ಹಾಗಾಗಿ ಮೊದಲ ಮುಚ್ಚಳ ಕಟ್ಟಿಕೊಂಡರೂ ಅದು ತುಂಬ ಹೊತ್ತು ಮೆತ್ತಗೇ ಇರುತ್ತದೆ. ಆಗ ತಿಕ್ಕಿದರೆ ಕಿತ್ತುಬರುತ್ತದೆ. ಇಂಜೆಕ್ಷನ್ ಆದ ಕೂಡಲೇ ರಟ್ಟೆ ಉಜ್ಜುವುದು ನಮ್ಮ ಜನರಿಗೆ ಕೈಗೆ ಅಂಟಿದ ಅಭ್ಯಾಸ, ಇಲ್ಲಿ ಅದೇ ಕೆಲಸ ಕೆಡಿಸುವುದು.

ಒಣ ಹತ್ತಿ ಇಟ್ಟು ಎರಡು ಬೆರಳಲ್ಲಿ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಕನಿಷ್ಠ 2 ನಿಮಿಷ ಅನ್ನುವುದು ನಿಯಮ, ನಾನು 5 ನಿಮಿಷ ಹಿಡಿಸುತ್ತೇನೆ. ಗಡಿಯಾರ ನೋಡಿಕೊಂಡೇ ಹಿಡಿಯಿರಿ, ಅಂದಾಜಿನ ಎರಡು ನಿಮಿಷ ಅರ್ಧ ನಿಮಿಷಕ್ಕೇ ಮುಗಿದುಹೋಗುತ್ತದೆ. ನಿಂತಿತೇ ಅಂತ ನಡುನಡುವೆ ಹತ್ತಿ ಎತ್ತಿ ನೋಡಬೇಡಿ. ತಂದೆಯವರ ಕೈ ಸೋತರೆ ನೀವು ಹಿಡಿಯಿರಿ. ಆಮೇಲೆ ಅಲ್ಲೇ ಇನ್ನೊಂದು ಕಾಲು ಗಂಟೆ ಕೂತು, ಹೊರಡುವಾಗ ಒಮ್ಮೆ ಜಾಗ ನೋಡಿ. ಆ ಕೈಯಲ್ಲಿ ಅವತ್ತು ನೀರಿನ ಕೊಡ, ಗ್ಯಾಸ್ ಸಿಲಿಂಡರ್ ಎತ್ತುವುದು ಬೇಡ. ನೋವಿದ್ದರೆ ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ನಿಮಿಷ ಇಡಬಹುದು, ಪ್ಯಾರಸಿಟಮಾಲ್ ಒಂದೆರಡು ಮಾತ್ರೆ ಕೊಡಬಹುದು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರ ಬೇಡವೇ ಬೇಡ, ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ.

ಮಾರನೇ ದಿನ ನಾಣ್ಯದಷ್ಟೋ, ಇನ್ನೂ ಸ್ವಲ್ಪ ದೊಡ್ಡದೋ ಕಲೆ ಕಂಡರೆ ಗಾಬರಿ ಬೇಡ. ನೀಲಿ ಹಸಿರಾಗಿ, ಹಳದಿಯಾಗಿ ಒಂದೆರಡು ವಾರದಲ್ಲಿ ಹೋಗುತ್ತದೆ. ರಕ್ತ ಕೆಳಗಿಳಿಯುವುದರಿಂದ ಕಲೆ ಮೊಣಕೈ ಕಡೆಗೆ ಸರಿದಂತೆಯೂ ಕಾಣಬಹುದು. ಆಗ ಬಣ್ಣವನ್ನಲ್ಲ, ಊತವನ್ನು ನೋಡಿ. ಚರ್ಮ ಮೆತ್ತಗಿದ್ದು ಬಣ್ಣ ಮಾತ್ರ ಹರಡಿದ್ದರೆ ಸರಿ. ಅನುಮಾನ ಬಂದರೆ ಊತದ ಅಂಚಿನ ಸುತ್ತ ಪೆನ್ನಿನಲ್ಲಿ ಗೆರೆ ಎಳೆದು ಸಮಯ ಬರೆದಿಡಿ. ಕೆಲವು ಗಂಟೆಯಲ್ಲಿ ಊತ ಗೆರೆ ದಾಟಿದರೆ, ರಟ್ಟೆ ಬಿಗಿದು ಕಲ್ಲಿನಂತಾದರೆ, ನೋವು ಕಡಿಮೆಯಾಗುವ ಬದಲು ಏರುತ್ತಿದ್ದರೆ, ಬೆರಳು ಜೋಮು ಹಿಡಿದರೆ, ಕೈ ಎತ್ತಲು ಬಲವಿಲ್ಲ ಅಂದರೆ, ಸ್ನಾಯುವಿನೊಳಗೆ ರಕ್ತ ತುಂಬುತ್ತಿದೆ ಅಂತ ತಿಳಿದು ಆಗಲೇ ಆಸ್ಪತ್ರೆಗೆ ಹೋಗಿ, ಬೆಳಗಾಗಲಿ ಅಂತ ಕಾಯಬೇಡಿ. ಹತ್ತು ನಿಮಿಷ ಬಿಡದೆ ಒತ್ತಿದರೂ ಚುಚ್ಚಿದ ಜಾಗದಲ್ಲಿ ರಕ್ತ ನಿಲ್ಲದಿದ್ದರೂ ಅಷ್ಟೆ.

ಸೂಜಿ ಮುಟ್ಟದ ಕಡೆ, ಅಂದರೆ ಕಾಲಲ್ಲೋ ಹೊಟ್ಟೆಯ ಮೇಲೋ ಕಲೆಗಳು ಬಂದರೆ, ವಸಡಿನಲ್ಲಿ ರಕ್ತ, ಮೂತ್ರ ಕೆಂಪು, ಮಲ ಟಾರಿನಂತೆ ಕಪ್ಪಾದರೆ, ಅದಕ್ಕೆ ಲಸಿಕೆಯ ಸೂಜಿ ಕಾರಣವಲ್ಲ. ಐಎನ್‌ಆರ್ ಏರಿರಬಹುದು, ಅವತ್ತೇ ಪರೀಕ್ಷೆ ಆಗಬೇಕು. ಐಎನ್‌ಆರ್ ಪುಸ್ತಕ, ತಗೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಜೊತೆಗೆ ಒಯ್ಯಿರಿ. ರಟ್ಟೆಯಲ್ಲಿ ಬರೀ ಕಲೆ ಆಗಿದೆ ಅಂತ ರಾತ್ರಿಯ ಅಸಿಟ್ರಾಮ್ ಬಿಡಿಸಬೇಡಿ. ಮಾತ್ರೆ ತಡೆಹಿಡಿಯಬೇಕೇ ಅನ್ನುವುದನ್ನು ಡಾಕ್ಟರೇ ಹೇಳಬೇಕು.