ಡೆಟ್ ಈಕ್ವಿಟಿ ಚೆನ್ನಾಗಿದ್ದರೆ ಮೆಷಿನ್ ಸಾಲ ಸಿಗುತ್ತಾ?

*"ನಂದು ಸಣ್ಣ ವರ್ಕ್‌ಶಾಪ್, ಪ್ರೊಪ್ರೈಟರ್‌ಶಿಪ್. 48 ಲಕ್ಷದ ಸಿಎನ್‌ಸಿ ಮೆಷಿನ್‌ಗೆ 36 ಲಕ್ಷ ಸಾಲ ಕೇಳಬೇಕು. ಕ್ಯಾಪಿಟಲ್ 30 ಲಕ್ಷ, ಬ್ಯಾಂಕ್ ಸಾಲ 25 ಲಕ್ಷ (ಸಿಸಿ 15, ಟರ್ಮ್ ಲೋನ್ 10). ಭಾವನ ಹತ್ರ ಬಡ್ಡಿಯಿಲ್ಲದ ಕೈಸಾಲ 8 ಲಕ್ಷ ಇದೆ, ತಮ್ಮನ ಅಂಗಡಿಗೆ 7 ಲಕ್ಷ ಕೊಟ್ಟಿದ್ದೀನಿ. ಕಳೆದ ವರ್ಷ ಲಾಭ 9 ಲಕ್ಷ, ಬಡ್ಡಿ 3, ಡಿಪ್ರಿಸಿಯೇಷನ್ 4. ಡೆಟ್ ಈಕ್ವಿಟಿ 0.83, ಇಂಟ್ರೆಸ್ಟ್ ಕವರೇಜ್ 4 ಬರ್ತಿದೆ. ಬ್ಯಾಂಕಿನವರಿಗೆ ಇಷ್ಟು ಸಾಕಾ?"*

ಸಾಲ 25ನ್ನು ಕ್ಯಾಪಿಟಲ್ 30ರಿಂದ ಭಾಗಿಸಿದರೆ 0.83, ಲೆಕ್ಕ ಸರಿಯಿದೆ ಸರ್, ಆದರೆ ಅದು ಸಾಲ ಸಿಗುವ ಮುಂಚಿನ ಲೆಕ್ಕ. ನಾನು ಬ್ಯಾಂಕಿನ ಸಾಲ ವಿಭಾಗದಲ್ಲಿ ಬಹಳ ವರ್ಷ ಫೈಲ್ ನೋಡಿದವನು. ಕೇಳಿದ ಸಾಲ ಕೊಟ್ಟೇಬಿಟ್ಟೆವು ಅಂದುಕೊಂಡು, ಆಮೇಲೆ ಬ್ಯಾಲೆನ್ಸ್ ಶೀಟ್ ಹೇಗಿರುತ್ತದೆ ಅಂತ ನಾವು ನೋಡುತ್ತಿದ್ದೆವು.

ಮೊದಲು ಕ್ಯಾಪಿಟಲ್ ನೋಡಿ. ತಮ್ಮನಿಗೆ ಕೊಟ್ಟ 7 ಲಕ್ಷ ನಿಮ್ಮ ವರ್ಕ್‌ಶಾಪ್‌ನಲ್ಲಿ ದುಡಿಯುತ್ತಿಲ್ಲವಲ್ಲ, ಅದನ್ನು ಕಳೆಯುತ್ತಾರೆ. ಉಳಿದಿದ್ದು 23. ಭಾವನ ಕೈಸಾಲಕ್ಕೆ ಬಡ್ಡಿ ಇರಲಿ ಬಿಡಲಿ, ಅದೂ ಸಾಲವೇ. ಹಳೆಯದು 33, ಹೊಸದು 36, ಒಟ್ಟು 69. ಮೆಷಿನ್ ಬೆಲೆಯಲ್ಲಿ ನೀವೇ ಹಾಕಬೇಕಾದ ಮಾರ್ಜಿನ್ 12 ಲಕ್ಷವನ್ನು ವ್ಯಾಪಾರದ ದುಡ್ಡಿನಿಂದಲೇ ಎತ್ತಿದರೆ ಕ್ಯಾಪಿಟಲ್ ಹೆಚ್ಚುವುದಿಲ್ಲ, ಹಾಗಾಗಿ 69ನ್ನು 23ರಿಂದ ಭಾಗಿಸಿದರೆ 3. ನಿಮ್ಮ 0.83 ಎಲ್ಲಿ, ಇದೆಲ್ಲಿ! ಸಾಮಾನ್ಯವಾಗಿ 2ರ ಒಳಗಿದ್ದರೆ ಯಾರೂ ಹೆಚ್ಚು ಮಾತಾಡುವುದಿಲ್ಲ, 3ರ ಹತ್ತಿರ ಬಂದರೆ ಪ್ರಶ್ನೆಗಳು ಶುರುವಾಗುತ್ತವೆ. (ಕೆಲವು ಬ್ಯಾಂಕಿನವರು ಸಿಸಿಯನ್ನು ಈ ಅನುಪಾತಕ್ಕೆ ಸೇರಿಸದೆ, ಸಪ್ಲೈಯರ್ ಬಾಕಿಯ ಜೊತೆ ಬೇರೆ ಲೆಕ್ಕದಲ್ಲಿ ನೋಡುತ್ತಾರೆ. ಬಿಗಿಯಾದ ಲೆಕ್ಕ ಮೊದಲೇ ಹಾಕಿಕೊಳ್ಳುವುದು ಒಳ್ಳೆಯದು ಅಂತ ನಾನು ಸೇರಿಸಿದ್ದೇನೆ.)

ಇದನ್ನು ಸರಿಮಾಡುವ ದಾರಿ ನಿಮ್ಮ ಮನೆಯಲ್ಲೇ ಇದೆ. ತಮ್ಮನಿಂದ 7 ಲಕ್ಷ ವಾಪಸ್ ತರಿಸಿ, ಹೊರಗಿನಿಂದ 5 ಲಕ್ಷ ಹೊಸದಾಗಿ ಹಾಕಿ. ಮಾರ್ಜಿನ್‌ಗೆ 12 ಆಯಿತು, ಕ್ಯಾಪಿಟಲ್ 35ಕ್ಕೆ ಏರಿತು, ಅನುಪಾತ 2ಕ್ಕಿಂತ ಒಂಚೂರು ಕೆಳಗೆ ಬಂತು. ಇನ್ನು ಭಾವ "ಬ್ಯಾಂಕ್ ಸಾಲ ತೀರುವವರೆಗೂ ನನ್ನ ದುಡ್ಡು ಕೇಳುವುದಿಲ್ಲ" ಅಂತ ಮುಚ್ಚಳಿಕೆ ಬರೆದುಕೊಟ್ಟರೆ, ಬಹಳ ಬ್ಯಾಂಕುಗಳು ಆ 8 ಲಕ್ಷವನ್ನು ಕ್ಯಾಪಿಟಲ್ ಕಡೆಗೇ ಸೇರಿಸುತ್ತವೆ. ಆಗ 61ಕ್ಕೆ 43, ಅಂದರೆ 1.4. ಅದೇ ವರ್ಕ್‌ಶಾಪು, ಅದೇ ಮೆಷಿನ್ನು.

ಆದರೆ ಆ 5 ಲಕ್ಷ ನಿಜವಾಗಿ ಬರಬೇಕು. ಒಬ್ಬರು ಮಾರ್ಚ್ 30ಕ್ಕೆ 10 ಲಕ್ಷ ಹಾಕಿ ಬ್ಯಾಲೆನ್ಸ್ ಶೀಟ್ ಚೆಂದ ಮಾಡಿಸಿ ತಂದಿದ್ದರು. ಸ್ಟೇಟ್‌ಮೆಂಟ್‌ನ ಮುಂದಿನ ಪುಟದಲ್ಲಿ ಏಪ್ರಿಲ್ 4ಕ್ಕೆ ಅದೇ 10 ಲಕ್ಷ ಅದೇ ಖಾತೆಗೆ ವಾಪಸ್ ಹೋಗಿತ್ತು. ಆ ಫೈಲಿನಲ್ಲಿ ಮಿಕ್ಕ ಯಾವ ಅಂಕಿಯನ್ನೂ ನಾನು ಆಮೇಲೆ ನಂಬಲಿಲ್ಲ.

ಈಗ ಇಂಟ್ರೆಸ್ಟ್ ಕವರೇಜ್. ಲಾಭ 9, ಬಡ್ಡಿ 3 ಸೇರಿ 12, ಅದನ್ನು 3ರಿಂದ ಭಾಗಿಸಿ 4 ಅಂದಿರಿ. ಹೊಸ ಸಾಲಕ್ಕೆ ಶೇಕಡಾ 11 ಹಿಡಿದರೆ ವರ್ಷಕ್ಕೆ ಸುಮಾರು 4 ಲಕ್ಷ ಬಡ್ಡಿ, ಒಟ್ಟು 7. ಆಗಲೇ 1.7ಕ್ಕೆ ಇಳಿಯಿತು. ಅದರ ಮೇಲೆ ಹೊಸ ಮೆಷಿನ್ನಿನ ಡಿಪ್ರಿಸಿಯೇಷನ್ ಶೇಕಡಾ 15ರಂತೆ 7.2 ಲಕ್ಷ ಕಳೆದರೆ 12ರಲ್ಲಿ ಉಳಿಯುವುದು 4.8. ಬಡ್ಡಿಗೇ ಸಾಲದು! ಗಾಬರಿಯಾಗಬೇಡಿ, ಡಿಪ್ರಿಸಿಯೇಷನ್ ಕೈಯಿಂದ ಹೋಗುವ ದುಡ್ಡಲ್ಲ ಅಂತ ಎಷ್ಟೋ ಬ್ಯಾಂಕಿನವರು ಅದನ್ನು ವಾಪಸ್ ಕೂಡಿಸುತ್ತಾರೆ. ಹಾಗೆ ನೋಡಿದರೆ 12ಕ್ಕೆ ಹಳೇ ಡಿಪ್ರಿಸಿಯೇಷನ್ 4 ಸೇರಿ 16, ಅದಕ್ಕೆ ಬಡ್ಡಿ 7, ಅಂದರೆ 2.3, ಪರವಾಗಿಲ್ಲ. ನಿಮ್ಮ ಬ್ಯಾಂಕ್ ಯಾವ ರೀತಿ ಹಾಕುತ್ತದೆ ಅಂತ ಅರ್ಜಿ ಕೊಡುವ ಮುಂಚೆಯೇ ಕೇಳಿಕೊಳ್ಳಿ.

ಈ ಕವರೇಜ್‌ನಲ್ಲಿ ಅಸಲಿನ ಮಾತೇ ಇಲ್ಲ, ಬಹಳ ಜನ ಎಡವುವುದು ಇಲ್ಲಿ. 36 ಲಕ್ಷ 6 ವರ್ಷಕ್ಕೆ ಅಂದರೆ ವರ್ಷಕ್ಕೆ 6 ಲಕ್ಷ ಅಸಲು. ನಿಮ್ಮ 16ರಲ್ಲಿ ಬಡ್ಡಿ 7 ಹೋಯಿತು, ಮನೆ ಖರ್ಚಿಗೆ 5 ತೆಗೆಯುತ್ತೀರಿ ಅಂದುಕೊಳ್ಳಿ, ಉಳಿದಿದ್ದು 4. ಆದಾಯ ತೆರಿಗೆ, ಹಳೇ ಟರ್ಮ್ ಲೋನ್ ಕಂತು ಆಮೇಲಿನ ಮಾತು, ಇಲ್ಲೇ 2 ಲಕ್ಷ ಕಮ್ಮಿ. ಪ್ರೊಪ್ರೈಟರ್‌ಗೆ ಸಂಬಳ ಅಂತ ಲೆಕ್ಕದಲ್ಲಿ ಇರುವುದಿಲ್ಲ, ಅದಕ್ಕೇ 9 ಲಕ್ಷ ಲಾಭ ದೊಡ್ಡದಾಗಿ ಕಾಣುತ್ತದೆ. ಹೀಗೆ ಮನೆಗೆ ತೆಗೆದ ದುಡ್ಡು, ಅಂದರೆ ಡ್ರಾಯಿಂಗ್ಸ್, ಅಧಿಕಾರಿ ನೋಡಿಯೇ ನೋಡುತ್ತಾನೆ.

ಆ ಕೊರತೆಯನ್ನು ಹೊಸ ಮೆಷಿನ್ ತುಂಬಬೇಕು. "ಮಾರಾಟ ಶೇಕಡಾ 40 ಹೆಚ್ಚುತ್ತದೆ" ಅಂತ ಆಡಿಟರ್ ಟೈಪ್ ಮಾಡಿದ್ದನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಗಂಟೆ ಲೆಕ್ಕ ಕೊಡಿ. ಗಂಟೆಗೆ 300 ರೂಪಾಯಿ, ದಿನಕ್ಕೆ 8 ಗಂಟೆ, ತಿಂಗಳಿಗೆ 25 ದಿನ ಅಂದರೆ 60,000. ಆಪರೇಟರ್, ಕರೆಂಟ್, ಟೂಲಿಂಗ್‌ಗೆ 32,000 ಹೋದರೆ ವರ್ಷಕ್ಕೆ ಉಳಿಯುವುದು 3.36 ಲಕ್ಷ. ಆ 2 ಲಕ್ಷ ತುಂಬಿತು, ಆದರೆ ಹಳೇ ಕಂತಿಗೂ ತೆರಿಗೆಗೂ ಒಂದು ಶಿಫ್ಟ್ ಸಾಕಾಗದೇ ಹೋಗಬಹುದು. ಎರಡನೇ ಶಿಫ್ಟ್‌ಗೆ ಕೆಲಸ ಇದೆ ಅಂತ ಪಾರ್ಟಿಗಳ ಪರ್ಚೇಸ್ ಆರ್ಡರ್ ಇದ್ದರೆ ಜೊತೆಗಿಡಿ. ಇಲ್ಲದಿದ್ದರೆ ಸಾಲದ ಅವಧಿ 7 ವರ್ಷ ಕೇಳಿ, ಮೆಷಿನ್ ಕೂರಿಸಿ ಓಡಿಸುವವರೆಗೆ ಆರು ತಿಂಗಳು ಅಸಲಿಗೆ ರಜೆಯನ್ನೂ ಕೇಳಿ. ಆ ಆರು ತಿಂಗಳೂ ಬಡ್ಡಿ ಮಾತ್ರ ಓಡುತ್ತಲೇ ಇರುತ್ತದೆ.