ನೆಲಕ್ಕೆ ಬೀಳುವ ಮೊದಲು ಹಿಂದೆ ಯಾರಿದ್ದಾರೆ ನೋಡಿ

ಪ್ರಶ್ನೆ: ಸರ್, ನಾನು ರೈಟ್ ಬ್ಯಾಕ್ ಆಡ್ತೇನೆ. ವಯಸ್ಸು 19, ಊರು ಕಾರವಾರದ ಹತ್ರ. ನಿಂತು ಟ್ಯಾಕಲ್ ಮಾಡಿದ್ರೆ ನನ್ನ ಕಾಲೇ ಹಿಂದಕ್ಕೆ ಹೋಗ್ತದೆ, ಚೆಂಡು ಅವನಿಗೇ ಸಿಗ್ತದೆ. ಅದಕ್ಕೆ ಸ್ಲೈಡ್ ಹೊಡೀತೇನೆ. ಹೋದ ತಿಂಗಳು ಸೆಮಿಫೈನಲ್‌ನಲ್ಲಿ ವಿಂಗರ್ ಒಳಗೆ ತಿರುಗಿದ, ಬಾಕ್ಸಿನ ಮೂಲೆಯಲ್ಲಿ ಸ್ಲೈಡ್ ಹೊಡೆದೆ. ಚೆಂಡಿಗೆ ಕಾಲು ತಾಗಿತ್ತು, ಆದ್ರೂ ಪೆನಾಲ್ಟಿ ಕೊಟ್ರು. ಸೋತೆವು. ಸ್ಲೈಡ್ ಬಿಟ್ಟೇ ಬಿಡಬೇಕಾ?

ಉತ್ತರ: ಬಿಡೋದು ಬೇಡ ಮಾರಾಯ್ರೆ. ಮೊದಲು ನಿಂತು ಮಾಡುವ ಟ್ಯಾಕಲ್ ಸರಿ ಮಾಡಿಕೊಳ್ಳಿ. ಅದು ಕೈ ಕೊಡ್ತಿದೆ ಅಂತಲೇ ಅಲ್ವಾ ನೀವು ಪದೇ ಪದೇ ನೆಲಕ್ಕೆ ಬೀಳ್ತಿರೋದು?

ಕಾಲು ಹಿಂದಕ್ಕೆ ಹೋಗ್ತದೆ ಅಂದರೆ ಬ್ಲಾಕ್ ಟ್ಯಾಕಲ್‌ಗೆ ನೀವು ದೂರದಿಂದ ಕಾಲು ಚಾಚ್ತಿದ್ದೀರಿ. ಮೈ ಹಿಂದೆ ಉಳಿದಿರ್ತದೆ, ಪಾದ ಮಾತ್ರ ಚೆಂಡಿನ ಹತ್ತಿರ. ಆಗ ಎದುರಿನವನ ಮೈಭಾರವನ್ನೆಲ್ಲ ನಿಮ್ಮ ಒಂದು ಪಾದ ತಡೆಯಬೇಕು, ಅದು ಆಗದ ಕೆಲಸ. ಬರೀ ಚೆಂಡು ಹೋದರೆ ಪರವಾಗಿಲ್ಲ, ಹೀಗೆ ಪಕ್ಕಕ್ಕೆ ಚಾಚಿದ ಕಾಲಿಗೆ ಜೋರು ಪೆಟ್ಟು ಬಿದ್ದರೆ ಮಂಡಿಯ ಒಳಬದಿಯ ಲಿಗಮೆಂಟ್ ಎಳೆದು ವಾರಗಟ್ಟಲೆ ಕೂರಬೇಕಾಗ್ತದೆ.

ಸರಿಯಾದ ಬ್ಲಾಕ್ ಹೀಗಿರ್ತದೆ. ಚೆಂಡು ಒಂದು ಹೆಜ್ಜೆಯೊಳಗೆ ಬರುವ ತನಕ ಕಾಯಬೇಕು. ಊರುವ ಕಾಲನ್ನು ಚೆಂಡಿನ ಪಕ್ಕಕ್ಕೇ ತಂದು ಊರಬೇಕು, ಮಂಡಿ ಬಗ್ಗಿರಬೇಕು. ಹೊಡೆಯುವ ಪಾದವನ್ನು ಪಾಸ್ ಕೊಡುವಾಗ ತಿರುಗಿಸ್ತೀರಲ್ಲ, ಹಾಗೆ ಪೂರ್ತಿ ಹೊರಕ್ಕೆ ತಿರುಗಿಸಿ, ಹರಡು ಬಿಗಿ ಹಿಡಿದು, ಒಳಬದಿಯಿಂದ ಚೆಂಡಿನ ನಟ್ಟನಡುವಿಗೆ ತಾಗಿಸಬೇಕು. ಎದೆ ಚೆಂಡಿನ ಮೇಲೆ ಬಾಗಿರಲಿ. ಅವನು ಚೆಂಡು ಮುಟ್ಟುವ ಹೊತ್ತಿಗೇ ನೀವೂ ಮುಟ್ಟಿದರೆ ಚೆಂಡು ಇಬ್ಬರ ಪಾದದ ನಡುವೆ ಸಿಕ್ಕಿಬೀಳ್ತದೆ. ಹುಡುಗರು ಅಲ್ಲಿಗೇ ನಿಲ್ಲಿಸಿ ಸುಮ್ನೆ ತಳ್ಳಾಟ ಮಾಡ್ತಾರೆ. ತಳ್ಳಬೇಡಿ. ಪಾದವನ್ನು ಚೆಂಡಿನ ಕೆಳಗಿನಿಂದ ಸ್ವಲ್ಪ ಮೇಲಕ್ಕೆ ಎಳೆದರೆ ಚೆಂಡು ಅವನ ಪಾದ ಹತ್ತಿ ಆಚೆ ಉರುಳ್ತದೆ, ನೀವು ಅದರ ಜೊತೆಗೇ ಆಚೆ ನಡೆದು ಹೋಗ್ತೀರಿ.

ಪರೀಕ್ಷೆ ಮಾಡೋದು ಸುಲಭ. ಗೆಳೆಯನನ್ನು ಎದುರಿಗೆ ನಿಲ್ಲಿಸಿ, ನಡುವೆ ಚೆಂಡಿಡಿ. ಒಂದು, ಎರಡು ಅಂತ ಎಣಿಸಿ ಇಬ್ಬರೂ ಒಂದೇ ಹೆಜ್ಜೆ ಇಟ್ಟು ನಿಧಾನಕ್ಕೆ ಚೆಂಡಿಗೆ ಒಳಪಾದ ತಾಗಿಸಿ. ನಿಮ್ಮ ಮೈ ಹಿಂದಕ್ಕೆ ವಾಲಿದರೆ ಊರಿದ ಕಾಲು ದೂರ ಇದೆ ಅಂತ ಅರ್ಥ. ಪಾದ ತಿರುಚಿಕೊಂಡರೆ ಹರಡು ಸಡಿಲ ಇದೆ. ಇದು ಸರಿಹೋಗುವ ತನಕ ಓಡುತ್ತಾ ಮಾಡಬೇಡಿ.

ಇನ್ನು ಯಾವಾಗ ಕಾಲು ಹಾಕೋದು? ಚೆಂಡು ಅವನ ಕಾಲಿಗೆ ಅಂಟಿಕೊಂಡಿರುವಾಗ ಹಾಕಿದರೆ ಅವನು ಆಚೆ ಈಚೆ ಎಳೆದು ನಿಮ್ಮನ್ನು ದಾಟ್ತಾನೆ. ಒಂದು ಟಚ್ ಮುಗಿದು ಇನ್ನೊಂದು ಟಚ್‌ಗೆ ಅವನ ಕಾಲು ಇನ್ನೂ ತಲುಪಿಲ್ಲ, ಆ ಸಣ್ಣ ಬಿಡುವು ನಿಮ್ಮದು. ಅಲ್ಲಿಯ ತನಕ ಒಂದೂವರೆ ಕೈಯಷ್ಟು ದೂರದಲ್ಲಿ, ಮೈ ಓರೆ ಇಟ್ಟು, ಹಿಂದೆ ಹಿಂದೆ ಸರಿಯುತ್ತಾ ಅವನನ್ನು ಟಚ್‌ಲೈನ್ ಕಡೆಗೆ ಓಡಿಸ್ತಾ ಇರಿ. ಕಣ್ಣು ಚೆಂಡಿನ ಮೇಲೆ, ಅವನ ಕಾಲಾಟದ ಮೇಲೆ ಅಲ್ಲ. 1970ರ ವಿಶ್ವಕಪ್‌ನಲ್ಲಿ ಬ್ರೆಜಿಲ್ ವಿರುದ್ಧ ಇಂಗ್ಲೆಂಡಿನ ಬಾಬಿ ಮೂರ್ ಬಾಕ್ಸ್ ಒಳಗೆ ಜೈರ್‌ಜಿನ್ಹೊ ಕಾಲಿನಿಂದ ಚೆಂಡು ತೆಗೆದದ್ದರ ವಿಡಿಯೊ ಸಿಗ್ತದೆ, ನೋಡಿ. ಕಾಲು ಹಾಕಿದ್ದಕ್ಕಿಂತ ಅದಕ್ಕೆ ಮೊದಲು ಹಿಂದೆ ಸರಿದು ಕಾದದ್ದನ್ನು ಜಾಸ್ತಿ ನೋಡಿ. ಆ ಪಂದ್ಯವನ್ನು ಇಂಗ್ಲೆಂಡ್ 1-0ಯಿಂದ ಸೋತಿತು, ಗೋಲು ಹೊಡೆದದ್ದು ಅದೇ ಜೈರ್‌ಜಿನ್ಹೊ, ಅದು ಬೇರೆ ಮಾತು.

ಈಗ ಸ್ಲೈಡ್. ನೀವು ರೈಟ್ ಬ್ಯಾಕ್, ಹಾಗಾಗಿ ನಿಮ್ಮ ಜಾಗದಲ್ಲೇ ನಿಂತು ಲೆಕ್ಕ ಹಾಕೋಣ.

ಮೊದಲ ಸಂದರ್ಭ. ವಿಂಗರ್ ಹೊರಗಿನಿಂದ, ಲೈನ್ ಪಕ್ಕದಲ್ಲೇ ನಿಮ್ಮನ್ನು ದಾಟಿ ಓಡ್ತಿದ್ದಾನೆ. ನೀವು ನಿಮ್ಮ ಗೋಲಿನ ಕಡೆ ಮುಖ ಮಾಡಿ ಅವನ ಜೊತೆ ಓಡ್ತಿದ್ದೀರಿ, ಅರ್ಧ ಹೆಜ್ಜೆ ಹಿಂದೆ. ಅವನು ನಿಮ್ಮ ಎಡಕ್ಕೆ, ಅವನಾಚೆ ಲೈನು. ಅವನಿಗೆ ಹತ್ತಿರದ ಕಾಲು ಎಡಗಾಲು, ಅದನ್ನು ಮಡಚಿ ಕೆಳಗೆ ಹಾಕಬೇಕು. ತೊಡೆಯ ಹೊರಬದಿ ಮತ್ತು ಕುಂಡೆಯ ಪಕ್ಕದ ಮೇಲೆ ಜಾರಬೇಕು. ದೂರದ ಕಾಲು, ಅಂದರೆ ಬಲಗಾಲು, ನೆಲಕ್ಕೆ ಹತ್ತಿರದಲ್ಲೇ ಕುಡುಗೋಲಿನ ಹಾಗೆ ಸುತ್ತಿ ಬಂದು ಪಾದದ ಮೇಲ್ಭಾಗದಿಂದ ಚೆಂಡನ್ನು ಲೈನ್ ಆಚೆ ತಳ್ಳಬೇಕು. ಸ್ಟಡ್ ಎದುರಿನವನ ಕಡೆ ತೋರಬಾರದು, ಕಾಲು ನೆಲದಿಂದ ಏಳಬಾರದು. ಕೈಗಳನ್ನು ಹಿಂದೆ ಊರಬೇಡಿ, ಮಣಿಕಟ್ಟು ಹೋಗ್ತದೆ.

ಇಲ್ಲಿ ತಪ್ಪಿದರೆ ಏನಾಗ್ತದೆ? ಬಿದ್ದು ಎದ್ದು ಮತ್ತೆ ಓಟ ಹಿಡಿಯೋದಕ್ಕೆ ಸುಮಾರು ಎರಡು ಸೆಕೆಂಡ್ ಬೇಕು ಅಂತಿಟ್ಟುಕೊಳ್ಳಿ. ಪೂರ್ತಿ ಓಟದಲ್ಲಿರುವ ಹುಡುಗ ಅಷ್ಟರಲ್ಲಿ 13-14 ಮೀಟರ್ ಹೋಗಿರ್ತಾನೆ. ಬಾಕ್ಸ್ ಗೋಲ್‌ಲೈನಿನಿಂದ 16.5 ಮೀಟರ್ ತನಕ ಇದೆ. ಅಂದರೆ ನೀವು ಗೋಲ್‌ಲೈನಿನಿಂದ 30 ಮೀಟರ್ ದೂರದಲ್ಲಿ ತಪ್ಪಿದರೆ, ನೀವು ಏಳುವ ಹೊತ್ತಿಗೆ ಅವನು ಬಾಕ್ಸಿನ ಮಟ್ಟಕ್ಕೆ ಬಂದಿರ್ತಾನೆ. ಒಳಗೆ ನಿಮ್ಮ ಸ್ಟಾಪರ್ ಸರಿಯಾದ ಜಾಗದಲ್ಲಿದ್ದು ಅವನಿಗೆ ಅಡ್ಡ ಬರಬಲ್ಲನಾದರೆ ಸ್ಲೈಡ್ ಹೊಡೆಯಿರಿ. ಚೆಂಡು ಸಿಕ್ಕಿದರೆ ಅವರಿಗೆ ಬರೀ ಥ್ರೋ. ಸ್ಟಾಪರ್ ಮೇಲೆ ಹೋಗಿ ಇನ್ನೂ ವಾಪಸ್ ಬಂದಿಲ್ಲ ಅಂದರೆ ಓಡ್ತಾನೇ ಇರಿ, ಅವನನ್ನು ಲೈನಿಗೆ ಒತ್ತಿ ಹಿಡಿಯಿರಿ. ಚೆಂಡು ಎಷ್ಟೇ ಹತ್ತಿರ ಕಂಡರೂ ಬೀಳಬೇಡಿ.

ಎರಡನೇದು ನಿಮ್ಮ ಸೆಮಿಫೈನಲ್. ಅವನು ಒಳಗೆ ತಿರುಗಿದ ಅಂದರೆ ಈಗ ನಿಮ್ಮ ಬಲಕ್ಕೆ ಬಂದ, ಚೆಂಡು ಅವನಾಚೆ. ಈಗ ನೀವು ಬಲ ಮಗ್ಗುಲಿಗೆ ಬಿದ್ದು ಎಡಗಾಲು ಸುತ್ತಬೇಕು. ಹೆಚ್ಚಿನವರಿಗೆ ಆ ಕಾಲು ದುರ್ಬಲ. ನಿಮಗೂ ಚೆಂಡಿಗೂ ನಡುವೆ ಅವನ ಎರಡು ಕಾಲುಗಳಿವೆ. ಚೆಂಡು ಸಿಕ್ಕಿದರೂ ಅದು ಹೋಗೋದು ಲೈನಾಚೆಗಲ್ಲ, ನಿಮ್ಮದೇ ಗೋಲಿನ ಮುಂದಕ್ಕೆ. ಇನ್ನು ತೂಗಿ ನೋಡಿ. ಬಾಕ್ಸಿನ ಮೂಲೆಯಿಂದ ಅವನು ಹೊಡೆದರೆ ಗೋಲು ಅಪರೂಪ, ಎದುರಿಗೆ ಗೋಲಿ ಇದ್ದಾನೆ, ಸ್ಟಾಪರ್ ಇದ್ದಾನೆ. ಪೆನಾಲ್ಟಿ ಕೊಟ್ಟರೆ ನಾಲ್ಕರಲ್ಲಿ ಮೂರು ಒಳಗೇ ಹೋಗ್ತವೆ. ಅಪರೂಪದ ಗೋಲನ್ನು ತಡೆಯೋದಕ್ಕೆ ಹೋಗಿ ಅರ್ಧಕ್ಕರ್ಧ ಖಾತ್ರಿ ಇಲ್ಲದ ಸ್ಲೈಡ್‌ನಿಂದ ಪೆನಾಲ್ಟಿ ಕೊಡೋದು ಯಾವ ವ್ಯಾಪಾರ ಹೇಳಿ? ಅಲ್ಲಿ ನಿಂತೇ ಇದ್ದು, ಶಾಟ್ ಹೊಡೆಯುವ ದಾರಿಗೆ ಅಡ್ಡ ನಿಂತರೆ ಸಾಕಿತ್ತು. ಕೈ ಮಾತ್ರ ಮೈಗೆ ಹತ್ತಿರ.

ಬಾಕ್ಸ್ ಒಳಗೆ ಸ್ಲೈಡ್ ಹೊಡೆಯಬಹುದಾದ ಜಾಗ ಇಲ್ಲವೇ ಇಲ್ಲ ಅಂತಲ್ಲ. ಗೋಲಿ ಸೋತಿದ್ದಾನೆ, ಖಾಲಿ ಗೋಲಿಗೆ ಚೆಂಡು ತಳ್ಳುವವನಿದ್ದಾನೆ, ಆಗ ಬೀಳಿ. ತಪ್ಪಿದರೂ ಹೋಗುವ ಗೋಲೇ ಹೋಗೋದು.

"ಚೆಂಡಿಗೆ ತಾಗಿತ್ತು" ಅನ್ನೋ ಮಾತು ಮೈದಾನದಲ್ಲಿ ದಿನಾ ಕೇಳ್ತೇನೆ. ಮೊದಲು ಚೆಂಡು ಮುಟ್ಟಿದರೆ ಫೌಲ್ ಅಲ್ಲ ಅಂತ ನಿಯಮದಲ್ಲಿ ಎಲ್ಲೂ ಇಲ್ಲ. ರೆಫ್ರಿ ನೋಡೋದು ನೀವು ಹೋದ ರೀತಿಯನ್ನು. ಎಚ್ಚರಿಕೆ ಇಲ್ಲದೆ ಹೋದರೆ ಫೌಲ್, ಎದುರಿನವನಿಗೆ ಏನಾಗ್ತದೆ ಅನ್ನೋದನ್ನು ಲೆಕ್ಕಿಸದೆ ಹೋದರೆ ಹಳದಿ, ಅತಿ ಜೋರಿನಿಂದ ಹೋಗಿ ಅವನ ಕಾಲು ಮುರಿಯುವ ಹಾಗಿದ್ದರೆ ಕೆಂಪು. ಚೆಂಡು ತಾಗಿಸಿ, ಅದೇ ರಭಸದಲ್ಲಿ ಅವನ ಊರಿದ ಕಾಲನ್ನೂ ಗುಡಿಸಿಕೊಂಡು ಹೋದರೆ ಪೆನಾಲ್ಟಿ ಸರಿಯೇ. ಆ ರೆಫ್ರಿ ಮೇಲೆ ನನಗೇನೂ ತಕರಾರಿಲ್ಲ, ಕ್ಷಮಿಸಿ.

ಇನ್ನೊಂದು ವಿಚಿತ್ರ ಗೊತ್ತಿರಲಿ. ಖಚಿತವಾದ ಗೋಲ್ ಅವಕಾಶವನ್ನು ಫೌಲ್ ಮಾಡಿ ತಡೆದರೆ, ಬಾಕ್ಸ್ ಒಳಗೆ ನಿಜವಾಗಿ ಚೆಂಡಿಗೇ ಹೋಗಿದ್ದರೆ ಪೆನಾಲ್ಟಿ ಮತ್ತು ಹಳದಿ ಕಾರ್ಡು. ಬಾಕ್ಸಿನ ಹೊರಗೆ ಅದೇ ಫೌಲ್‌ಗೆ ಕೆಂಪು. ಕೊನೆಯ ಡಿಫೆಂಡರ್ ಆಗಿ ಬಾಕ್ಸಿನ ಅಂಚಿನ ಹೊರಗೆ ಬಿದ್ದರೆ ಉಳಿದ ಆಟ ತಂಡ ಹತ್ತೇ ಜನರಲ್ಲಿ ಆಡಬೇಕು.

ನೆಲದ ಮಾತು ಹೇಳದೆ ಇದ್ದರೆ ನಮ್ಮ ಕಡೆಯ ಹುಡುಗರಿಗೆ ಉಪಯೋಗ ಇಲ್ಲ. ಬೇಸಗೆಯಲ್ಲಿ ನಮ್ಮ ಎಷ್ಟೋ ಮೈದಾನ ಚಿರೆಕಲ್ಲಿನ ಕೆಂಪು ಹರಳು. ಅಲ್ಲಿ ಮೈ ಜಾರೋದಿಲ್ಲ, ಹಿಡಿದುಕೊಳ್ತದೆ. ನೀವು ಚೆಂಡಿಗೆ ಒಂದು ಗೇಣು ಮೊದಲೇ ನಿಂತುಬಿಡ್ತೀರಿ, ತೊಡೆಯ ಚರ್ಮ ಅಲ್ಲೇ ಉಳೀತದೆ. ಅಂಥ ನೆಲದಲ್ಲಿ ನಾನಂತೂ ಸ್ಲೈಡ್ ಹೊಡೆಯೋದು ಬೇಡ ಅಂತಲೇ ಹೇಳೋದು. ತರಚಿದರೆ ಹರಳು ಪೂರ್ತಿ ಹೋಗುವ ತನಕ ಹರಿಯುವ ನೀರಲ್ಲಿ ಸೋಪು ಹಾಕಿ ತೊಳೆಯಿರಿ. ಟಿಟಿ ಚುಚ್ಚುಮದ್ದು ಹಾಕಿಸಿಕೊಂಡು ಎಷ್ಟು ವರ್ಷ ಆಯ್ತು ಅಂತ ಡಾಕ್ಟರ್ ಹತ್ರ ಕೇಳಿ.

ಮಳೆಗಾಲದಲ್ಲಿ ಇದರ ಉಲ್ಟಾ. ಒಮ್ಮೆ ಶಿರಸಿ ಕಡೆ ಒಂದು ಪಂದ್ಯದಲ್ಲಿ, ಬೆಳಿಗ್ಗೆಯಿಂದ ಸುರಿದು ಹುಲ್ಲು ಎಣ್ಣೆ ಹಚ್ಚಿದ ಹಾಗಿತ್ತು, ನಾನು ಒಣ ನೆಲದ ಅಂದಾಜಿನಲ್ಲೇ ಹತ್ತಿರದಿಂದ ಬಿದ್ದೆ. ಚೆಂಡು ಸಿಕ್ಕಿತು, ಆದರೆ ನಾನು ನಿಲ್ಲಲೇ ಇಲ್ಲ. ಇನ್ನೂ ಎರಡು ಮೀಟರ್ ಜಾರಿ ಹೋಗಿ ಆ ಹುಡುಗನ ಹರಡಿಗೆ ಗುದ್ದಿದೆ. ಎರಡು ವಾರ ಅವನು ಕುಂಟಿದ. ಒದ್ದೆ ನೆಲದಲ್ಲಿ ಒಂದು ಹೆಜ್ಜೆ ದೂರದಿಂದಲೇ ಬೀಳಬೇಕು, ವೇಗ ಕಮ್ಮಿ ಇರಬೇಕು, ಹಿಂದಿನಿಂದ ಅಂತೂ ಬೇಡವೇ ಬೇಡ.

ಬೀಳೋದನ್ನು ಕಲಿಯೋದಕ್ಕೆ ಕಾರವಾರದ ಬೀಚೇ ಸಾಕು. ನೀರು ಇಳಿದ ಮೇಲೆ ಗಟ್ಟಿಯಾಗಿರುವ ಒದ್ದೆ ಮರಳಿನಲ್ಲಿ, ಬರಿಗಾಲಲ್ಲಿ, ಮೊದಲು ನಡೆಯುತ್ತಾ, ಆಮೇಲೆ ನಿಧಾನ ಓಡುತ್ತಾ ಎಡಗಾಲು ಮಡಚಿ ಮಗ್ಗುಲಿಗೆ ಬೀಳಿ, ತಕ್ಷಣ ಅದೇ ಮಡಚಿದ ಕಾಲಿನ ಮೇಲೆ ಎದ್ದು ನಿಲ್ಲಿ. ಮರಳಲ್ಲಿ ಜಾರೋದಕ್ಕೆ ಆಗೋದಿಲ್ಲ, ಬೀಳೋದು ಮತ್ತು ಏಳೋದು ಮಾತ್ರ ಬರ್ತದೆ. ಜಾರುವ ಅಂದಾಜು ಒದ್ದೆ ಹುಲ್ಲಿನಲ್ಲೇ ಸಿಗಬೇಕು. ಏಳೋದಕ್ಕೆ ನಿಮಗೆ ಎಷ್ಟು ಸೆಕೆಂಡ್ ಬೇಕು ಅಂತ ಗೆಳೆಯನ ಹತ್ರ ಮೊಬೈಲಲ್ಲಿ ಅಳೆಸಿ. ನಾನು ಎರಡು ಅಂದೆ, ನಿಮ್ಮದು ಮೂರಿದ್ದರೆ ಮೇಲಿನ ಲೆಕ್ಕದ 30 ಮೀಟರನ್ನು 37 ಮಾಡಿಕೊಳ್ಳಿ.